ಕವರ್‌ನಲ್ಲಿ ನೋಟು, ಕೈಯಲ್ಲಿ ಫೋನು: ತಿಂಗಳ ಮನೆಖರ್ಚು ಎಲ್ಲಿ ಸೋರುತ್ತದೆ?

ಪ್ರಶ್ನೆ: ನಾವು ಹಾಸನದ ವಿದ್ಯಾನಗರದಲ್ಲಿದ್ದೇವೆ. ನಾನು, ನಮ್ಮನೆಯವರು, ಹೈಸ್ಕೂಲಿನ ಮಗ, ಅತ್ತೆ. ದಿನಸಿ, ತರಕಾರಿ, ಹಾಲು, ಕೈಖರ್ಚು ಎಲ್ಲ ಸೇರಿ ಹದಿನಾರು ಸಾವಿರದಲ್ಲಿ ಮುಗಿಸಬೇಕು ಅಂದುಕೊಂಡರೂ ಇಪ್ಪತ್ತು ದಾಟುತ್ತಿದೆ. ಕವರ್‌ನಲ್ಲಿ ದುಡ್ಡು ಹಾಕಿಟ್ಟು ಖರ್ಚು ಮಾಡುವುದನ್ನು ಎರಡು ಸಲ ಶುರು ಮಾಡಿದೆವು. ಎರಡು ಸಲವೂ ಮೂರನೇ ವಾರಕ್ಕೆ ನಿಂತುಹೋಯಿತು. ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತಾರೆ, ಫೋನ್ ತೆಗೆದು ಸ್ಕ್ಯಾನ್ ಮಾಡಿಬಿಡುತ್ತೇವೆ. ಈ ಕಾಲಕ್ಕೆ ಇದು ನಡೆಯುವ ಕೆಲಸವೇ? ನಡೆಯುವುದಾದರೆ ಹೇಗೆ ಮಾಡಬೇಕು?

ಉತ್ತರ: ನಡೆಯುತ್ತದೆ, ಆದರೆ ಹಳೆಯ ರೀತಿಯಲ್ಲೇ ಮಾಡಿದರೆ ನಡೆಯುವುದಿಲ್ಲ. ಮೊದಲು ಕವರ್ ಖಾಲಿಯಾದರೆ ಖರ್ಚು ತಾನಾಗಿ ನಿಲ್ಲುತ್ತಿತ್ತು, ಬೇರೆ ದಾರಿಯೇ ಇರಲಿಲ್ಲ. ಈಗ ತಳವೇ ಕಾಣದ ಇನ್ನೊಂದು ಕವರ್ ಫೋನಿನ ರೂಪದಲ್ಲಿ ಕೈಯಲ್ಲೇ ಇರುತ್ತದೆ. ಎರಡರ ನಡುವೆ ಒಂದು ಕೊಂಡಿ ಹಾಕದೆ ಹೋದರೆ ನೋಟಿನ ಲೆಕ್ಕ ಸುಳ್ಳಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅದು ಸುಳ್ಳಾಗುವ ಬಗೆ ಹೀಗೆ. ಬುಧವಾರ ಅಂಗಡಿಯಲ್ಲಿ 185 ರೂಪಾಯಿ ಫೋನಿನಲ್ಲಿ ಕೊಟ್ಟಿರಿ. ಕವರ್‌ನಲ್ಲಿದ್ದ ನೋಟು ಹಾಗೇ ಉಳಿಯಿತು. ಶುಕ್ರವಾರ ಕವರ್ ತೆರೆದಾಗ ಇನ್ನೂ ಇನ್ನೂರು ರೂಪಾಯಿ ಕಾಣುತ್ತದೆ, ಈ ವಾರ ಕೈ ಬಿಗಿಹಿಡಿದೆವು ಅನ್ನಿಸುತ್ತದೆ, ಒಂದು ಪಾವು ಖಾರ ಬರುತ್ತದೆ, ಮಗನಿಗೊಂದು ಐಸ್‌ಕ್ರೀಮು ಬರುತ್ತದೆ. ಬುಧವಾರ ಬ್ಯಾಂಕಿನಿಂದ ಹೋದ ದುಡ್ಡೇ ಶುಕ್ರವಾರ ಕವರ್‌ನಿಂದ ಇನ್ನೊಮ್ಮೆ ಹೋಯಿತು. ಒಂದೇ 185ನ್ನು ಎರಡು ಸಲ ಖರ್ಚು ಮಾಡಿದ ಹಾಗೆ. ಇದು ವಾರಕ್ಕೆ ಎರಡು ಮೂರು ಸಲ ಆದರೆ ಮೂರನೇ ವಾರದ ಹೊತ್ತಿಗೆ ಕವರ್‌ಗೂ ಬ್ಯಾಂಕಿನ ಖಾತೆಗೂ ತಾಳೆಯೇ ಇರುವುದಿಲ್ಲ, ಮನೆಯವರಿಗೆ ಇಡೀ ಪದ್ಧತಿಯ ಮೇಲೆ ನಂಬಿಕೆ ಹೋಗುತ್ತದೆ. ನೀವು ಎರಡು ಸಲ ಬಿಟ್ಟಿದ್ದು ಇಲ್ಲೇ ಇರಬೇಕು. ಆದ್ದರಿಂದ ಎಷ್ಟು ದುಡ್ಡು ಇಡಬೇಕು ಎನ್ನುವುದಕ್ಕಿಂತ, ಫೋನಿನಲ್ಲಿ ಕೊಟ್ಟ ದುಡ್ಡನ್ನು ಕವರ್‌ನಿಂದ ಹೊರಗೆ ತೆಗೆಯುವ ಕ್ರಮ ಮುಖ್ಯ. ಅದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಯಾವ ಖರ್ಚು ಕವರ್‌ಗೆ ಬರಬೇಕು ಎಂದು ತೀರ್ಮಾನ ಆಗಲಿ.

ಕಳೆದ ಎರಡು ತಿಂಗಳ ವಿವರ ತೆಗೆಯಿರಿ. ಬ್ಯಾಂಕಿನ ಸ್ಟೇಟ್‌ಮೆಂಟಿಗಿಂತ ಫೋನಿನ ಆ್ಯಪ್‌ನಲ್ಲಿರುವ ಪಾವತಿ ಪಟ್ಟಿ ಓದಲು ಸುಲಭ. ಆದರೂ ಅಲ್ಲಿ ಎಷ್ಟೋ ಕಡೆ ಅಂಗಡಿಯ ಬದಲು ಮಾಲೀಕರ ಹೆಸರು ಇರುತ್ತದೆ, ಏನು ಕೊಂಡಿರಿ ಎಂದಂತೂ ಇರುವುದೇ ಇಲ್ಲ. ಗುರುತು ಸಿಗದ್ದನ್ನೆಲ್ಲ ಕೈಖರ್ಚು ಎಂದು ಬರೆದುಕೊಂಡು ಮುಂದೆ ಹೋಗಿ. ಒಂದು ಗಂಟೆಗಿಂತ ಹೆಚ್ಚು ಇದರ ಮುಂದೆ ಕೂರಬೇಕಿಲ್ಲ. ನಾಲ್ಕು ಮೊತ್ತ ಸಿಕ್ಕರೆ ಸಾಕು: ತಿಂಗಳ ದಿನಸಿ, ಹಾಲು, ವಾರದ ತರಕಾರಿ ಹಣ್ಣು ಮೊಟ್ಟೆ ಮಾಂಸ, ಮತ್ತು ಉಳಿದ ಚಿಲ್ಲರೆ ಖರ್ಚು. ನಿಮ್ಮ ಮನೆಯ ಲೆಕ್ಕ 20,400 ಬಂತು, ಅದರಲ್ಲಿ ದಿನಸಿ 6,800, ಹಾಲು 2,100, ತರಕಾರಿ ಮಾಂಸ 5,600, ಉಳಿದದ್ದು 5,900 ಎಂದು ಇಟ್ಟುಕೊಂಡು ಮುಂದಿನ ಲೆಕ್ಕ ಮಾಡುತ್ತೇನೆ. ನಿಮ್ಮ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಈ ನಾಲ್ಕರಲ್ಲಿ ಮೊದಲ ಎರಡನ್ನು ಕವರ್‌ಗೆ ತರಬೇಡಿ. ಹಾಲು ದಿನಾ ಇಷ್ಟೇ ಪಾಕೆಟ್ ಎಂದು ಗೊತ್ತಿರುವುದು, ಅದು ಹೆಚ್ಚು ಕಡಿಮೆ ಆಗುವುದಿಲ್ಲ. ತಿಂಗಳ ದಿನಸಿಯೂ ಚೀಟಿ ಬರೆದುಕೊಂಡು ಹೋಗಿ ಒಂದೇ ಸಲ ತರುವಂಥದ್ದು. ಅಲ್ಲಿ ಖರ್ಚನ್ನು ಹಿಡಿಯುವುದು ಚೀಟಿಯೇ ಹೊರತು ನೋಟಲ್ಲ. ಇವೆರಡನ್ನು ಫೋನಿನಲ್ಲೇ ಕೊಡಿ, ಬಿಲ್ಲೂ ದಾಖಲೆಯೂ ಇರುತ್ತದೆ. ದಿನಸಿ ತಂದ ಮೇಲೆ ಮಧ್ಯದಲ್ಲಿ ಮುಗಿದ ಸಕ್ಕರೆ, ಎಣ್ಣೆ ಪಾಕೆಟ್, ಕಾಲು ಕೆಜಿ ತೊಗರಿಬೇಳೆ ಇವು ಮಾತ್ರ ವಾರದ ಕವರ್‌ನಿಂದಲೇ ಬರಬೇಕು. ಹೀಗೆ ಕಟ್ಟು ಹಾಕಿದರೆ ತಿಂಗಳ ಚೀಟಿಯಲ್ಲಿ ಏನು ಬಿಟ್ಟಿದ್ದೆವು ಎನ್ನುವುದು ಮುಂದಿನ ತಿಂಗಳಿಗೆ ಗೊತ್ತಾಗುತ್ತದೆ.

ಕವರ್‌ಗೆ ಬರಬೇಕಾದದ್ದು ಉಳಿದ ಎರಡು. ಕಟ್ಟಿನಕೆರೆ ಮಾರುಕಟ್ಟೆಯ ಸಾಲಿನಲ್ಲಿ, ಬೀದಿ ಬದಿಯ ಗಾಡಿಯಲ್ಲಿ, ಮನೆ ಹತ್ತಿರದ ಅಂಗಡಿಯಲ್ಲಿ, ಬೇಕರಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಯಾಗಿ ಹೋಗುವ ದುಡ್ಡು ಇದು. ಒಂದೊಂದು ಸಲ ನೋಡಿದರೆ ಏನೂ ಅಲ್ಲ ಎನ್ನಿಸುತ್ತದೆ, ತಿಂಗಳಿಗೆ ನಿಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚು ಇದೇ.

ಮೊತ್ತ ಇಡುವಾಗ ಒಂದೇ ಸಲಕ್ಕೆ ಹದಿನಾರಕ್ಕೆ ಇಳಿಸಬೇಡಿ. 20,400 ಖರ್ಚು ಮಾಡುತ್ತಿರುವ ಮನೆ ಮೊದಲ ತಿಂಗಳು 16,000ದಲ್ಲಿ ನಡೆಯುವುದಿಲ್ಲ. 20ನೇ ತಾರೀಕಿಗೇ ಕವರ್ ಬರಿದಾಗಿ ಮತ್ತೆ ಫೋನಿಗೇ ಹೋಗುತ್ತೀರಿ. ಹತ್ತರಲ್ಲೊಂದು ಪಾಲು ಇಳಿಸಿ, ಅಂದರೆ ಸುಮಾರು 18,400. ಅದನ್ನು ನಾನು ಹಂಚುವುದು ಹೀಗೆ: ದಿನಸಿ 6,600 ಮತ್ತು ಹಾಲು 2,100 ಬ್ಯಾಂಕಿನಲ್ಲೇ ಇರಲಿ. ಅಡುಗೆಮನೆಗೆ ವಾರಕ್ಕೆ 1,250. ಕೈಖರ್ಚಿಗೆ ವಾರಕ್ಕೆ ನಿಮಗೆ 350, ನಿಮ್ಮ ಮನೆಯವರಿಗೆ 350, ಮಗನಿಗೆ 100, ಅತ್ತೆಯವರಿಗೆ 100. ತಿಂಗಳ ಕೊನೆಯ ಉಳಿಕೆ ದಿನಗಳಿಗೆ 600. ನೆಂಟರು ಬಂದರೆ ಎಂದು 500. ಬ್ಯಾಂಕಿನಿಂದ ತೆಗೆಯಬೇಕಾದ ನಗದು 9,700 ಆಯಿತು. ಪೆಟ್ರೋಲು, ಔಷಧಿ, ಶಾಲೆಯ ಫೀಸು, ಕರೆಂಟ್ ಬಿಲ್ಲು ಇದರಲ್ಲಿ ಸೇರಿಲ್ಲ, ಸೇರಿಸಲೂಬೇಡಿ. ಗೌರಿ ಗಣೇಶ, ದೀಪಾವಳಿಯಂಥ ಹಬ್ಬ ಬಂದ ತಿಂಗಳು ಹಬ್ಬಕ್ಕೆಂದೇ ಬೇರೆ ಕವರ್ ಮಾಡಿ. ಹಬ್ಬದ ಹೂವು ಹಣ್ಣನ್ನು ವಾರದ ಕವರ್‌ನಿಂದ ತಂದರೆ ಆ ವಾರ ಖಂಡಿತ ಕೈಕೊಡುತ್ತದೆ. ಗೃಹಲಕ್ಷ್ಮಿಯ 2,000 ನಿಮಗೆ ಬರುವುದಿದ್ದರೂ ಅದನ್ನು ಈ ಲೆಕ್ಕದೊಳಗೆ ತರಬೇಡಿ. ಅದು ಇಂಥ ತಾರೀಕಿಗೇ ಬರುತ್ತದೆ ಎಂದು ನಂಬಿ ವಾರದ ಕವರ್ ತುಂಬಲು ಆಗುವುದಿಲ್ಲ.

ತಿಂಗಳಿಗೆ ಒಂದೇ ದಪ್ಪ ಕವರ್ ಮಾಡದೆ ವಾರವಾರಕ್ಕೆ ಬೇರೆ ಮಾಡಿ ಅಂಟು ಹಾಕಿ ಮುಚ್ಚಿಡಬೇಕು. ಇದಕ್ಕೆ ಗಟ್ಟಿ ಕಾರಣ ಇದೆ. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಎಂಬ ಸಂಶೋಧಕರು ಭಾರತದ ಗ್ರಾಮೀಣ ಕೂಲಿ ಕಾರ್ಮಿಕರೊಂದಿಗೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಉಳಿತಾಯಕ್ಕೆಂದು ತೆಗೆದಿಟ್ಟ ಅಷ್ಟೇ ಹಣವನ್ನು ಒಂದು ಕವರ್‌ನಲ್ಲಿ ಇಟ್ಟವರಿಗಿಂತ ಎರಡು ಕವರ್ ಮಾಡಿ ಮುಚ್ಚಿಟ್ಟವರ ಬಳಿ ಹೆಚ್ಚು ಉಳಿದಿತ್ತು. ಮುಚ್ಚಿದ ಕವರ್ ಹರಿಯಲು ಕೈ ಒಂದು ಕ್ಷಣ ತಡೆಯುತ್ತದೆ, ತೆರೆದ ಕವರ್‌ಗೆ ಕೈ ಹಾಕಲು ಆ ತಡೆ ಇರುವುದಿಲ್ಲ. ಅದಕ್ಕೇ ಅಂಟು ಹಾಕಿ ಎನ್ನುವುದು, ಬರೀ ಮಡಚಿ ಇಟ್ಟರೆ ಆಗದು.

ವಾರವನ್ನು ತಾರೀಕಿನ ಮೇಲೆ ಎಣಿಸಿ: 1ರಿಂದ 7, 8ರಿಂದ 14, 15ರಿಂದ 21, 22ರಿಂದ 28. ಪ್ರತಿ ಕವರ್‌ನಲ್ಲಿ ಏಳು ದಿನ ಇರುವುದರಿಂದ ವಾರ ಯಾವತ್ತು ಶುರುವಾದರೂ ಒಂದೇ ಭಾನುವಾರ, ಒಂದೇ ಸಂತೆ ಬರುತ್ತದೆ. ಹಾಗಾಗಿ ನಾಲ್ಕು ಕವರ್‌ಗೂ ಒಂದೇ ಮೊತ್ತ ಸಾಕಾಗುತ್ತದೆ. ತೊಂದರೆ ಇರುವುದು 29, 30, 31ರಲ್ಲಿ. ಆ 600 ಅದಕ್ಕೇ. ಆದರೆ ತಿಂಗಳ ಮೊದಲ ದಿನವೇ ಕ್ಯಾಲೆಂಡರ್ ನೋಡಿ. ಆ ಮೂರು ದಿನದೊಳಗೆ ಭಾನುವಾರವೋ ನೀವು ದೊಡ್ಡ ತರಕಾರಿ ತರುವ ದಿನವೋ ಬಿದ್ದಿದ್ದರೆ 600 ಸಾಲುವುದಿಲ್ಲ, ಆ ತಿಂಗಳಿಗೆ ಸಾವಿರ ಇಡಿ. ತಿಂಗಳ ಲೆಕ್ಕವನ್ನು ನಾಲ್ಕರಿಂದ ಭಾಗಿಸಿ ಈ ದಿನಗಳನ್ನು ಮರೆಯುವುದು ಬಹಳ ಮನೆಗಳಲ್ಲಿ ಆಗುವ ತಪ್ಪು.

ಇನ್ನು ಚಿಲ್ಲರೆಯ ವಿಷಯ. ನಿಮ್ಮ ಕೈಯಲ್ಲಿ ಇದು ಎರಡು ಸಲ ಮುರಿದಿದ್ದು ಇದರಿಂದಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಟಿಎಂನಲ್ಲಿ 9,700 ಒತ್ತಿದರೆ ಬಹುತೇಕ ಐನೂರರ ನೋಟುಗಳೇ ಬೀಳುತ್ತವೆ. ನೂರು ಅಥವಾ ಇನ್ನೂರರ ನೋಟೂ ಎಟಿಎಂನಲ್ಲಿ ಸಿಗುವಂತೆ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಆದರೆ ಅದಕ್ಕಾಗಿ ನಾಲ್ಕು ನೂರು, ನಾಲ್ಕು ನೂರು ಎಂದು ಹಲವು ಸಲ ತೆಗೆಯಲು ಹೋದರೆ ತಿಂಗಳ ಉಚಿತ ಬಳಕೆ ಮುಗಿದುಹೋಗುತ್ತದೆ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಅದರ ಮೇಲೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ, ಜೊತೆಗೆ ತೆರಿಗೆ, ಬೀಳಬಹುದು.

ಅದಕ್ಕಿಂತ ತಿಂಗಳಿಗೊಮ್ಮೆ ನಿಮ್ಮ ಶಾಖೆಯ ಕೌಂಟರಿನಲ್ಲೇ ತೆಗೆಯುವುದು ಒಳ್ಳೆಯದು. ಪಾಸ್‌ಬುಕ್ ಒಯ್ಯಿರಿ, ಕೌಂಟರಿನಲ್ಲಿ ತಿಂಗಳಿಗೆ ಎಷ್ಟು ಸಲ ಉಚಿತ ಎಂದು ಕೇಳಿಕೊಳ್ಳಿ, ವಿತ್‌ಡ್ರಾವಲ್ ಚೀಟಿಯ ಹಿಂದೆ ಯಾವ ನೋಟು ಎಷ್ಟು ಬೇಕು ಎಂದು ಬರೆದುಕೊಡಿ. ಮೇಲಿನ ಲೆಕ್ಕಕ್ಕೆ ಆ ಪಟ್ಟಿ: 500ರದ್ದು 1, 200ರದ್ದು 8, 100ರದ್ದು 40, 50ರದ್ದು 44, 20ರದ್ದು 52, 10ರದ್ದು 36. ಬರೆದುಕೊಟ್ಟರೆ ಕ್ಯಾಷಿಯರಿಗೆ ಎಣಿಸಲು ಸುಲಭ, ನಿಮಗೂ ಕೌಂಟರಿನ ಮುಂದೆ ನಿಂತು ಲೆಕ್ಕ ಹಾಕುವ ಗಡಿಬಿಡಿ ಇರುವುದಿಲ್ಲ. ಸಂಬಳದ ಮೊದಲ ಎರಡು ದಿನ ಜನ ಹೆಚ್ಚು, ಆ ಗದ್ದಲದಲ್ಲಿ ಕೇಳಿದರೆ ಸಣ್ಣ ನೋಟು ಸಿಗುವುದು ಕಷ್ಟ. ಹತ್ತು ಇಪ್ಪತ್ತು ಸಿಗದ ದಿನ ಐವತ್ತರ ನೋಟು ಹೆಚ್ಚು ಕೇಳಿ. ಐವತ್ತರ ನೋಟಿದ್ದರೆ ಸೊಪ್ಪಿನವರ ಹತ್ತಿರವೂ ವ್ಯವಹಾರ ನಡೆಯುತ್ತದೆ, ಐನೂರಿದ್ದರೆ ನಡೆಯುವುದಿಲ್ಲ.

ಒಂದು ಅಡುಗೆಮನೆ ಕವರ್‌ನ 1,250ರಲ್ಲಿ ಇನ್ನೂರರ ಎರಡು, ನೂರರ ಐದು, ಐವತ್ತರ ನಾಲ್ಕು, ಇಪ್ಪತ್ತರ ಐದು, ಹತ್ತರ ಐದು ನೋಟು ಇರಲಿ. ನೆಂಟರ ಕವರ್‌ನಲ್ಲಿ ಮಾತ್ರ ಐನೂರರ ಒಂದೇ ನೋಟು. ಅಷ್ಟೇ ಮೊತ್ತ ದೊಡ್ಡ ನೋಟಿನಲ್ಲಿ ಇದ್ದಾಗ ಅದನ್ನು ಮುರಿಯಲು ಜನ ಹಿಂದೆ ಮುಂದೆ ನೋಡುತ್ತಾರೆ, ಸಣ್ಣ ನೋಟಿನಲ್ಲಿ ಇದ್ದಾಗ ಬೇಗ ಖರ್ಚು ಮಾಡುತ್ತಾರೆ. ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿದೆ. ಮುಟ್ಟದೆ ಇರಬೇಕಾದ ದುಡ್ಡು ದೊಡ್ಡ ನೋಟಿನಲ್ಲಿ, ದಿನಾ ಕೈ ಹಾಕುವ ದುಡ್ಡು ಸಣ್ಣ ನೋಟಿನಲ್ಲಿ ಇರಲಿ. ಹತ್ತು ರೂಪಾಯಿ ನಾಣ್ಯ ಬಂದರೆ ಬೇಡ ಎನ್ನಬೇಡಿ. ನಮ್ಮ ಕಡೆ ಕೆಲವು ಅಂಗಡಿಯವರು ಅದು ಓಡುವುದಿಲ್ಲ ಎನ್ನುತ್ತಾರೆ, ಆದರೆ ಚಲಾವಣೆಯಲ್ಲಿರುವ ಎಲ್ಲ ವಿನ್ಯಾಸದ ಹತ್ತರ ನಾಣ್ಯವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ ಹಲವು ಸಲ ಹೇಳಿದೆ.

ಈಗ ಆ ಕೊಂಡಿಯ ವಿಷಯಕ್ಕೆ ಬರೋಣ. ಮುಚ್ಚಳದಲ್ಲಿ ಸೀಳು ಇರುವ ಒಂದು ಡಬ್ಬಿ, ದೇವಸ್ಥಾನದ ಹುಂಡಿಯಂಥದ್ದು, ಮನೆಯಲ್ಲಿ ಇಡಿ. ಮೇಲೆ ‘ವಾಪಸ್’ ಎಂದು ಬರೆಯಿರಿ. ನಿಯಮ ಒಂದೇ: ಕವರ್‌ನ ಖರ್ಚನ್ನು ಯಾವ ಕಾರಣಕ್ಕಾದರೂ ಫೋನಿನಲ್ಲಿ ಕೊಟ್ಟರೆ, ಅದೇ ದಿನ ರಾತ್ರಿ ಊಟಕ್ಕೆ ಮುಂಚೆ ಅಷ್ಟು ದುಡ್ಡನ್ನು ಆ ಕವರ್‌ನಿಂದ ತೆಗೆದು ಹುಂಡಿಗೆ ಹಾಕಬೇಕು. ಮೊತ್ತವನ್ನು ಯಾವಾಗಲೂ ಮೇಲಿನ ಹತ್ತಕ್ಕೆ ಏರಿಸಿ. 185 ಕೊಟ್ಟಿದ್ದರೆ 190, 42 ಕೊಟ್ಟಿದ್ದರೆ 50. ಇದರಿಂದ ಹುಂಡಿಗೆ ಹಾಕಲು ಚಿಲ್ಲರೆ ಹುಡುಕಬೇಕಿಲ್ಲ, ಎರಡು ದಿನ ಬಿಟ್ಟು ನೆನಪು ಮಾಡಿಕೊಂಡು ಹಾಕುವಾಗ ಆಗುವ ಸಣ್ಣ ಮರೆವೂ ಮುಚ್ಚುತ್ತದೆ. ಹಾಕುವವರು ಒಬ್ಬರೇ ಇರಲಿ. ಉಳಿದವರು ರಾತ್ರಿ ‘ಇವತ್ತು ಫೋನಿನಲ್ಲಿ ಇಷ್ಟು’ ಎಂದು ಹೇಳಿದರೆ ಸಾಕು. ಮರೆತರೆ ಆ್ಯಪ್‌ನಲ್ಲಿ ಆ ದಿನದ ಪಟ್ಟಿ ಇದ್ದೇ ಇದೆ.

ಒಂದು ವಾರ ಇದು ಹೇಗೆ ನಡೆಯುತ್ತದೆ ನೋಡೋಣ. 15ನೇ ತಾರೀಕು ಶನಿವಾರ ಬಂದಿದೆ ಎಂದುಕೊಳ್ಳಿ. ಮೂರನೇ ಕವರ್ ಹರಿದಿರಿ, 1,250 ಇದೆ. ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವಾಗ ಕವರನ್ನು ಪೂರ್ತಿ ಒಯ್ಯಬೇಡಿ, 800 ಮಾತ್ರ ಪರ್ಸಿಗೆ ಹಾಕಿಕೊಳ್ಳಿ, 450 ಮನೆಯಲ್ಲೇ ಇರಲಿ. ಮಾರುಕಟ್ಟೆಯಲ್ಲಿ ರಾಶಿ ನೋಡಿದಾಗ ಕೈ ಧಾರಾಳವಾಗುತ್ತದೆ. ಇಡೀ ವಾರದ ದುಡ್ಡು ಪರ್ಸಿನಲ್ಲಿದ್ದರೆ ಎರಡೇ ದಿನಕ್ಕೆ ಸಾವಿರ ದಾಟಿ, ಉಳಿದ ಐದು ದಿನಕ್ಕೆ ಇನ್ನೂರು ಉಳಿಯುತ್ತದೆ. ಅಲ್ಲಿ ಒಳಗೆ ಹೋದ ಕೂಡಲೇ ಮೊದಲ ವ್ಯಾಪಾರವನ್ನು ಇನ್ನೂರರ ನೋಟಿನಲ್ಲಿ ಮಾಡಿ, ಆಲೂಗಡ್ಡೆ ಈರುಳ್ಳಿಯಂಥ ದೊಡ್ಡ ತೂಕದ್ದು ತೆಗೆದುಕೊಳ್ಳುವಾಗ. ಅಲ್ಲಿಂದ ಬಂದ ಚಿಲ್ಲರೆ ಕೊತ್ತಂಬರಿ ಕರಿಬೇವಿನವರ ಹತ್ತಿರ ಆಗುತ್ತದೆ. ಸೊಪ್ಪಿನಿಂದ ಶುರುಮಾಡಿ ಇನ್ನೂರು ಕೊಟ್ಟರೆ ‘ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ’ ಎನ್ನುವುದು ಅವರ ತಪ್ಪಲ್ಲ.

ತರಕಾರಿ 380, ಹಣ್ಣು 150, ಮೊಟ್ಟೆ 100, ಒಟ್ಟು 630 ಆಯಿತು. ಉಳಿದ 170 ಮನೆಗೆ ಬಂದು ಮತ್ತೆ ಕವರ್ ಸೇರಿತು. ಈಗ ಕವರ್‌ನಲ್ಲಿ 620. ಭಾನುವಾರ ಕೋಳಿಗೆ 270, ಉಳಿದದ್ದು 350. ಬುಧವಾರ ಮನೆ ಹತ್ತಿರದ ಅಂಗಡಿಯಲ್ಲಿ ಎಣ್ಣೆ ಪಾಕೆಟ್ಟೂ ಸ್ವಲ್ಪ ಬೆಲ್ಲವೂ ಸೇರಿ 185 ಆಯಿತು, ಕವರ್ ಮನೆಯಲ್ಲಿ ಬಿಟ್ಟು ಬಂದಿದ್ದಿರಿ, ಫೋನಿನಲ್ಲಿ ಕೊಟ್ಟಿರಿ. ರಾತ್ರಿ 190 ಹುಂಡಿಗೆ ಹೋಯಿತು, ಕವರ್‌ನಲ್ಲಿ 160. ಗುರುವಾರ ಸೊಪ್ಪು ಟೊಮೆಟೊಗೆ 60, ಶುಕ್ರವಾರ ತೆಂಗಿನಕಾಯಿಗೆ 80. ವಾರ ಮುಗಿದಾಗ ಕವರ್‌ನಲ್ಲಿ 20 ರೂಪಾಯಿ. ಹುಂಡಿಗೆ ಆ 190 ಹಾಕದೆ ಇದ್ದಿದ್ದರೆ ಶುಕ್ರವಾರ ರಾತ್ರಿ ಕವರ್‌ನಲ್ಲಿ 210 ಕಾಣುತ್ತಿತ್ತು, ಅದನ್ನು ಉಳಿತಾಯ ಎಂದು ತಿಳಿಯುತ್ತಿದ್ದಿರಿ.

ತಿಂಗಳ ಕೊನೆಗೆ ಹುಂಡಿ ತೆರೆದು ಎಣಿಸಿ. 640 ಇದೆ ಎಂದರೆ ಫೋನಿನಲ್ಲಿ ಅಷ್ಟು ಖರ್ಚಾಗಿದೆ, ಅದಕ್ಕೆ ಸರಿಯಾದ ನೋಟು ಇಲ್ಲಿದೆ. ಮುಂದಿನ ತಿಂಗಳು ಬ್ಯಾಂಕಿನಿಂದ 9,700ರ ಬದಲು 9,060 ತೆಗೆದರೆ ಖಾತೆಯ ಲೆಕ್ಕ ಸರಿಹೋಯಿತು. ಇದರಲ್ಲಿ ಇನ್ನೊಂದು ಲಾಭ ಇದೆ. ಹುಂಡಿಯಲ್ಲಿ ಬಿದ್ದಿರುವುದೆಲ್ಲ ಹತ್ತು, ಇಪ್ಪತ್ತು, ಐವತ್ತರ ನೋಟು. ಮುಂದಿನ ತಿಂಗಳ ಕವರ್‌ಗೆ ಚಿಲ್ಲರೆ ಅಲ್ಲಿಂದಲೇ ಬರುತ್ತದೆ, ಬ್ಯಾಂಕಿನಲ್ಲಿ ಕೇಳಬೇಕಾದ ಸಣ್ಣ ನೋಟು ಕಡಿಮೆಯಾಗುತ್ತದೆ. ಹುಂಡಿಯ ಮೊತ್ತ ನೋಡಿದರೆ ಪದ್ಧತಿಯ ಆರೋಗ್ಯವೂ ಗೊತ್ತಾಗುತ್ತದೆ. ಮೊದಲ ತಿಂಗಳು ಸಾವಿರ ಸಾವಿರದೈನೂರು ಬಿದ್ದರೆ ಗಾಬರಿ ಬೇಡ. ಮೂರನೇ ತಿಂಗಳೂ ಅಷ್ಟೇ ಇದ್ದರೆ ಪರ್ಸಿನಲ್ಲಿ ನೋಟು ಇಟ್ಟುಕೊಳ್ಳದೆ ಹೊರಗೆ ಹೋಗುತ್ತಿದ್ದೀರಿ ಎಂದು ಅರ್ಥ. ಹುಂಡಿ ಪೂರ್ತಿ ಖಾಲಿ ಇದ್ದು ಖಾತೆಯಿಂದ ಮಾತ್ರ ದುಡ್ಡು ಹೋಗಿದ್ದರೆ, ಯಾರೋ ಫೋನಿನಲ್ಲಿ ಕೊಟ್ಟು ಹೇಳುತ್ತಿಲ್ಲ. ಆಗ ಬೈಯುವುದು ಬೇಡ, ಒಂದು ವಾರ ರಾತ್ರಿ ಎಲ್ಲರ ಫೋನಿನ ಪಟ್ಟಿಯನ್ನು ಒಟ್ಟಿಗೆ ಕೂತು ನೋಡಿ.

ಕವರ್ ಗುರುವಾರವೇ ಬರಿದಾದರೆ? ಮುಂದಿನ ವಾರದ ಕವರ್‌ನಿಂದ ತೆಗೆಯಬಹುದು, ಆದರೆ ಅದನ್ನು ಹರಿದು, ತೆಗೆದಷ್ಟನ್ನು ಅದರ ಮೇಲೆ ಬರೆಯಬೇಕು: ‘150 ತೆಗೆದಿದೆ, ಗುರುವಾರ’. ಮುಂದಿನ ವಾರ 1,100ರಲ್ಲಿ ನಡೆಯಬೇಕು. ನೆಂಟರ ಐನೂರನ್ನು ಇದಕ್ಕೆ ಮುರಿಯಬೇಡಿ. ಬ್ಯಾಂಕಿನಿಂದ ಮತ್ತೆ ತೆಗೆಯಲೂಬೇಡಿ. ಒಮ್ಮೆ ಎಟಿಎಂಗೆ ಹೋಗಿ ಬಂದರೆ ಕವರ್‌ಗೆ ತಳ ಇದೆ ಎನ್ನುವ ಭಾವನೆಯೇ ಹೋಗುತ್ತದೆ. ಎರಡು ವಾರ ಒಂದರ ಹಿಂದೆ ಒಂದು ಹೀಗೇ ಆದರೆ ಮೊತ್ತವೇ ತಪ್ಪು. ಆಗ ವಾರಕ್ಕೆ ನೂರು ಏರಿಸಿ, ಆ ನಾನ್ನೂರನ್ನು ತಿಂಗಳ ದಿನಸಿಯ ಚೀಟಿಯಲ್ಲಿ ಇಳಿಸಿ. ಮಳೆಗಾಲದಲ್ಲಿ ತರಕಾರಿ ದರ ಏರಿದಾಗ ಇದು ಆಗಿಯೇ ಆಗುತ್ತದೆ. ಆ ತಿಂಗಳುಗಳಲ್ಲಿ ಮೊದಲೇ ಸ್ವಲ್ಪ ಹೆಚ್ಚು ಇಡುವುದು ಜಾಣತನ.

ಕೈಖರ್ಚಿನ ಕವರ್‌ಗೆ ನಿಯಮ ಬೇರೆ. ಅದಕ್ಕೆ ಲೆಕ್ಕ ಕೇಳಬಾರದು. ನಿಮ್ಮ ಮನೆಯವರು 350ರಲ್ಲಿ ಟೀ ಕುಡಿದರೋ ಬೋಂಡ ತಿಂದರೋ, ನೀವು ಹೂವು ಕೊಂಡಿರೋ, ಅದು ಅವರವರದ್ದು. ವಾರದಲ್ಲಿ ಉಳಿದರೂ ಅವರದ್ದೇ, ಮುಂದಿನ ವಾರಕ್ಕೆ ಕಡಿಮೆ ಕೊಡಬಾರದು. ಉಳಿಸಿದವರಿಗೆ ಮೊತ್ತ ಇಳಿಸಿದರೆ ಯಾರೂ ಉಳಿಸುವುದಿಲ್ಲ. ಫೋನಿನ ನಿಯಮ ಮಾತ್ರ ಇದಕ್ಕೂ ಅದೇ: ಆಫೀಸಿನ ಹತ್ತಿರ ಟೀಗೆ 30 ಸ್ಕ್ಯಾನ್ ಮಾಡಿದರೆ ರಾತ್ರಿ 30 ಹುಂಡಿಗೆ. ಶಕ್ತಿ ಯೋಜನೆಯಿಂದ ನಿಮಗೆ ಸರ್ಕಾರಿ ಬಸ್ಸಿಗೆ ದುಡ್ಡು ಬೇಕಾಗದೆ ಅವರಿಗೆ ಬೇಕಾಗುವುದಿದ್ದರೆ, ಅವರ ಬಸ್ ಚಾರ್ಜನ್ನು ಲೆಕ್ಕ ಹಾಕಿ ಬೇರೆ ಕೊಡಿ, ಕೈಖರ್ಚಿಗೆ ಸೇರಿಸಬೇಡಿ. ಅತ್ತೆಯವರ ಕವರ್ ಅವರ ಕೈಗೇ ಕೊಡಿ, ‘ಬೇಕಾದಾಗ ಕೇಳಿ’ ಎನ್ನಬೇಡಿ. ನೂರು ರೂಪಾಯಿ ಸ್ವಂತದ್ದು ಇರುವುದಕ್ಕೂ ಮಗ ಸೊಸೆಯನ್ನು ಕೇಳಿ ಪಡೆಯುವುದಕ್ಕೂ ವ್ಯತ್ಯಾಸ ಇದೆ.

ಫೋನನ್ನು ಪೂರ್ತಿ ಬಿಡಬೇಕಾಗಿಲ್ಲ, ಆದರೆ ಅದಕ್ಕೂ ಒಂದು ತಳ ಹಾಕಬಹುದು. ಆ್ಯಪ್‌ನಲ್ಲಿ UPI Lite ಎಂದು ಇರುತ್ತದೆ. ಖಾತೆಯಿಂದ ಸ್ವಲ್ಪ ದುಡ್ಡನ್ನು ಅದಕ್ಕೆ ಹಾಕಿಟ್ಟರೆ ಸಣ್ಣ ಪಾವತಿಗಳು ಪಿನ್ ಇಲ್ಲದೆ ಅಲ್ಲಿಂದ ಹೋಗುತ್ತವೆ. ಅದರಲ್ಲಿ ಹೆಚ್ಚೆಂದರೆ 5,000 ಇಡಬಹುದು, ಒಂದು ಸಲಕ್ಕೆ 1,000ವರೆಗೆ ಕೊಡಬಹುದು. ನೀವು ತಿಂಗಳಿಗೆ 500 ಮಾತ್ರ ಹಾಕಿ, ದುಡ್ಡು ಕಡಿಮೆಯಾದಾಗ ತಾನಾಗಿ ತುಂಬುವ ಸೌಲಭ್ಯ ಆನ್ ಆಗಿದ್ದರೆ ಆಫ್ ಮಾಡಿ. ಆಗ ಅದೂ ಒಂದು ಕವರ್ ಆಗುತ್ತದೆ, ಖಾಲಿಯಾದಾಗ ಕಾಣುತ್ತದೆ. ಎರಡು ಎಚ್ಚರ: ಇದರ ಒಂದೊಂದು ಪಾವತಿ ಪಾಸ್‌ಬುಕ್‌ನಲ್ಲಿ ಬರುವುದಿಲ್ಲ, ಹಾಕಿದ 500 ಮಾತ್ರ ಬರುತ್ತದೆ, ಹಾಗಾಗಿ ರಾತ್ರಿಯ ಹುಂಡಿ ಲೆಕ್ಕಕ್ಕೆ ಆ್ಯಪ್‌ನ ಪಟ್ಟಿಯನ್ನೇ ನೋಡಬೇಕು. ಪಿನ್ ಕೇಳದ ಕಾರಣ ಲಾಕ್ ಇಲ್ಲದ ಫೋನು ಮಗನ ಕೈಯಲ್ಲಿದ್ದರೆ ಅದೂ ಖರ್ಚಾಗಬಹುದು. ಫೋನು ಬದಲಿಸುವ ಮುಂಚೆ Liteನ ದುಡ್ಡನ್ನು ಖಾತೆಗೆ ವಾಪಸ್ ಮಾಡಿಕೊಳ್ಳಿ.

ಮನೆಗೆ ತರಿಸುವ ಆನ್‌ಲೈನ್ ದಿನಸಿಯಲ್ಲಿ ಈ ಕ್ರಮ ಹೆಚ್ಚು ಜಾರುತ್ತದೆ, ಏಕೆಂದರೆ ದುಡ್ಡು ಕೊಡುವುದೂ ಸಾಮಾನು ಬರುವುದೂ ಬೇರೆ ಬೇರೆ ಹೊತ್ತಿನಲ್ಲಿ. ಅಲ್ಲಿ ಕ್ರಮವನ್ನು ತಿರುಗಿಸಿ: ಮೊದಲು ಕವರ್‌ನಿಂದ ಹುಂಡಿಗೆ ಹಾಕಿ, ಆಮೇಲೆ ಆರ್ಡರ್ ಒತ್ತಿ. ಹುಂಡಿಗೆ ಹಾಕಲು ಕವರ್‌ನಲ್ಲಿ ದುಡ್ಡಿಲ್ಲ ಎಂದರೆ ಆರ್ಡರ್ ಮುಂದಿನ ವಾರಕ್ಕೆ.

ಇಡುವ ಜಾಗದ ಬಗ್ಗೆ ಒಂದು ಮಾತು. ಆಷಾಢ ಶ್ರಾವಣದ ತೇವಕ್ಕೆ ಕಾಗದದ ಕವರ್ ಮೆತ್ತಗಾಗಿ ಅಂಟು ತಾನೇ ಬಿಟ್ಟುಕೊಳ್ಳುತ್ತದೆ, ನೋಟು ಒಂದಕ್ಕೊಂದು ಅಂಟುತ್ತದೆ. ಸಕಲೇಶಪುರದ ಕಡೆಯವರಿಗೆ ಇದು ಇನ್ನೂ ಹೆಚ್ಚು. ಕವರ್‌ಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿಡಿ. ಸ್ಟೇಪ್ಲರ್ ಹೊಡೆಯಬೇಡಿ, ನೋಟಿನ ಮೇಲೆ ಬರೆಯಬೇಡಿ. ಬರೆಯುವುದೆಲ್ಲ ಕವರ್‌ನ ಮೇಲೆ: ತಾರೀಕು, ಮೊತ್ತ, ತೆಗೆದದ್ದು. ಖಾಲಿಯಾದ ಕವರ್ ಎಸೆಯದೆ ಆ ತಿಂಗಳು ಮುಗಿಯುವವರೆಗೆ ಇಟ್ಟುಕೊಳ್ಳಿ, 28ನೇ ತಾರೀಕಿನ ರಾತ್ರಿ ನಾಲ್ಕನ್ನೂ ಮುಂದಿಟ್ಟುಕೊಂಡರೆ ಯಾವ ವಾರ ಎಳೆದಾಟ ಆಯಿತು ಎನ್ನುವುದು ಬೇರೆ ಪುಸ್ತಕ ಇಲ್ಲದೆ ಕಾಣುತ್ತದೆ.

ಮೊದಲ ತಿಂಗಳು 18,400ರ ಒಳಗೆ ನಿಂತರೆ ಎರಡನೇ ತಿಂಗಳೇ ಇಳಿಸಲು ಹೋಗಬೇಡಿ. ಅಷ್ಟಕ್ಕೇ ಇನ್ನೊಂದು ತಿಂಗಳು ನಡೆಸಿ. ಮೂರನೆಯ ತಿಂಗಳಿಗೆ ಅಡುಗೆಮನೆ ಕವರ್‌ನಲ್ಲಿ ವಾರಕ್ಕೆ ನೂರು, ದಿನಸಿ ಚೀಟಿಯಲ್ಲಿ ಐನೂರು ಇಳಿಸಿ ನೋಡಿ, ಅಲ್ಲಿಗೆ 17,500 ಆಗುತ್ತದೆ. ನಾಲ್ಕು ಜನರ ಮನೆಗೆ 16,000 ಆಗುತ್ತದೋ ಇಲ್ಲವೋ ಎನ್ನುವುದನ್ನು ಆ ಹೊತ್ತಿಗೆ ನಿಮ್ಮ ನಾಲ್ಕು ಕವರ್‌ಗಳೂ ಹುಂಡಿಯೂ ಹೇಳುತ್ತವೆ. ಆಗುವುದಿಲ್ಲ ಎಂದು ಬಂದರೆ ಆ ಅಂಕಿಯನ್ನೇ ಬದಲಿಸಿ.